ಕುಂಕುಮ ಹಿಡಿಗೆ, ಎಣ್ಣೆ ಬಾಯಿಗೆ

ಮಕ್ಕಳೇ,

ನವರಾತ್ರಿ ಹತ್ತಿರ ಬಂದರೆ ನಮ್ಮ ಮನೆಯಲ್ಲಿ ಪ್ರಶ್ನೆಗಳ ಸುಗ್ಗಿ. ಈ ಸಲ ಮೊದಲ ಪ್ರಶ್ನೆ ಎತ್ತಿದವಳು ಆರನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು. ನಾನು ಜಗಲಿಯ ಮೇಲೆ ಕೂತು ಕಡ್ಲೆಕಾಯಿ ಸುಲಿಯುತ್ತಿದ್ದೆ. ಚೀಲ ಬಿಸಾಕಿ ಪಕ್ಕಕ್ಕೆ ಬಂದು ಕೂತಳು.

"ತಾತ, ಪೂಜೆಗಿಟ್ಟ ಪುಸ್ತಕ ಮುಟ್ಟಬಾರದು ಅಲ್ವಾ?"

"ಹೂಂ ಕಣವ್ವ, ಎತ್ತೋ ತನಕ ಓದೋ ಹಂಗಿಲ್ಲ."

"ಹಂಗಾದ್ರೆ ಗಣಿತದ ಪುಸ್ತಕ ಈವತ್ತೇ ಇಟ್ಬುಡ್ತೀನಿ."

ಒಳಗಿನಿಂದ ಅವಳ ಅಜ್ಜಿ ನಕ್ಕಳು. ನನಗೂ ನಗು ಬಂತು. ಆದರೆ ನಗುವಿನ ಹಿಂದೆಯೇ ಅರವತ್ತು ವರ್ಷ ಹಿಂದಿನ ಒಂದು ಸುತ್ತಿಗೆ ನೆನಪಾಯಿತು. ನಾನೂ ಒಂದು ಆಯುಧಪೂಜೆಯಲ್ಲಿ ಇಂಥದೇ ಜಾಣತನ ಮಾಡಿದ್ದೆ. ಅದನ್ನು ಅವಳಿಗೆ ಹೇಳಿದೆ, ನಿಮಗೂ ಹೇಳುತ್ತೇನೆ. ಅದಕ್ಕೆ ಮೊದಲು ಅವಳ ಎರಡನೆಯ ಪ್ರಶ್ನೆಗೆ ಉತ್ತರ ಹೇಳಿಬಿಡಬೇಕು. ಯಾಕೆಂದರೆ ನಿಮ್ಮಲ್ಲೂ ಬಹಳ ಮಂದಿ ಅದನ್ನು ಕೇಳುತ್ತೀರಿ.

ಒಂಬತ್ತನೆಯ ದಿನ ಯಾವುದು?

"ತಾತ, ಆಯುಧಪೂಜೆ ಒಂಬತ್ತನೇ ದಿನ ಅಂತೀರಿ. 2025ರಲ್ಲಿ ಸೆಪ್ಟೆಂಬರ್ 22ಕ್ಕೆ ಹಬ್ಬ ಶುರುವಾಯ್ತು. ಬೆರಳು ಮಡಚಿ ಎಣಿಸಿದ್ರೆ ಒಂಬತ್ತನೇ ದಿನ ಸೆಪ್ಟೆಂಬರ್ 30. ಪೂಜೆ ಮಾಡಿದ್ದು ಮಾತ್ರ ಅಕ್ಟೋಬರ್ 1ಕ್ಕೆ. ಯಾಕೆ?"

ಎಣಿಕೆ ಸರಿಯಾಗಿಯೇ ಇದೆ. ಗಣಿತಕ್ಕೆ ಹೆದರುವವಳು ಇಷ್ಟು ಸರಿಯಾಗಿ ಎಣಿಸಿದಳಲ್ಲ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ವಿಷಯ ಇಷ್ಟೆ. ಒಂಬತ್ತು ಎಂದರೆ ಇಲ್ಲಿ ಒಂಬತ್ತನೆಯ ತಾರೀಖಲ್ಲ, ಒಂಬತ್ತನೆಯ ತಿಥಿ. ಅಂದರೆ ನವಮಿ. ಆಕಾಶದಲ್ಲಿ ಚಂದ್ರ ಸೂರ್ಯನಿಗಿಂತ ಬೇಗ ಓಡುತ್ತಾನೆ. ಅವನು ಸೂರ್ಯನಿಂದ ಹನ್ನೆರಡು ಡಿಗ್ರಿ ಮುಂದೆ ಹೋಗಲು ಹಿಡಿಯುವ ಹೊತ್ತೇ ಒಂದು ತಿಥಿ. ಚಂದ್ರನ ಓಟ ಎಲ್ಲ ದಿನವೂ ಒಂದೇ ಸಮ ಇರುವುದಿಲ್ಲ. ಆದ್ದರಿಂದ ಒಂದು ತಿಥಿ ಕೆಲವು ಸಲ ಇಪ್ಪತ್ತು ಗಂಟೆಯಲ್ಲೇ ಮುಗಿಯುತ್ತದೆ, ಕೆಲವು ಸಲ ಇಪ್ಪತ್ತಾರು ಗಂಟೆಯವರೆಗೂ ಎಳೆಯುತ್ತದೆ. ಬೆಳಗ್ಗೆ ಸೂರ್ಯ ಹುಟ್ಟುವಾಗ ಯಾವ ತಿಥಿ ಇದೆಯೋ ಅದೇ ಆ ದಿನದ ತಿಥಿ ಎಂದು ಪಂಚಾಂಗದಲ್ಲಿ ಬರೆಯುತ್ತಾರೆ. ಉದ್ದದ ತಿಥಿಯೊಂದು ಎರಡು ಸೂರ್ಯೋದಯಗಳನ್ನು ನುಂಗಿಬಿಟ್ಟರೆ ಎರಡು ದಿನವೂ ಅದೇ ತಿಥಿ. 2025ರಲ್ಲಿ ಆದದ್ದು ಅದೇ. ಅದಕ್ಕೇ ಆ ವರ್ಷ ಮೈಸೂರು ದಸರಾ ಹತ್ತು ದಿನದ ಬದಲು ಹನ್ನೊಂದು ದಿನ ನಡೆಯಿತು. ಹಾಗಾಗಿ ಬೆರಳು ಮಡಚುವ ಬದಲು ಗೋಡೆಯ ಕ್ಯಾಲೆಂಡರಿನಲ್ಲಿ ಮಹಾನವಮಿ ಎಂದು ಬರೆದ ದಿನ ಹುಡುಕಿ. ಆಯುಧಪೂಜೆ ಆವತ್ತು.

ಪುಸ್ತಕಗಳಿಗೆ ಇನ್ನೊಂದು ಲೆಕ್ಕವೂ ಇದೆ. ಕೆಲವು ಮನೆಗಳಲ್ಲಿ ನವಮಿಗೆ ಎರಡು ಮೂರು ದಿನ ಮುಂಚೆ, ಮೂಲಾ ನಕ್ಷತ್ರದ ದಿನವೇ ಪುಸ್ತಕ ಇಟ್ಟು ಸರಸ್ವತಿಯನ್ನು ಕರೆಯುತ್ತಾರೆ, ಶ್ರವಣ ನಕ್ಷತ್ರದ ದಿನ ಕಳಿಸಿಕೊಡುತ್ತಾರೆ. ನಮ್ಮ ಮನೆಯಲ್ಲಿ ಪುಸ್ತಕ, ಆಯುಧ ಎರಡೂ ಒಟ್ಟಿಗೆ, ನವಮಿಯ ದಿನ. ಎತ್ತುವುದು ಮಾರನೆಯ ದಿನ, ವಿಜಯದಶಮಿಯ ಬೆಳಗ್ಗೆ. ಆದ್ದರಿಂದ ಗಣಿತದ ಪುಸ್ತಕಕ್ಕೆ ಸಿಗುವ ರಜೆ ಹೆಚ್ಚೆಂದರೆ ಒಂದು ದಿನ! ಮೊಮ್ಮಗಳ ಮುಖ ಸಪ್ಪಗಾಯಿತು.

ಕತ್ತಿಯಿಂದ ಕುಡುಗೋಲಿನವರೆಗೆ

ಆಯುಧ ಎಂದ ಕೂಡಲೇ ನಿಮಗೆ ಕತ್ತಿ, ಬಿಲ್ಲು, ಗದೆ ನೆನಪಾಗಬಹುದು. ಮೈಸೂರು ಅರಮನೆಯಲ್ಲಿ ಈ ದಿನ ರಾಜವಂಶದ ಪಟ್ಟದ ಕತ್ತಿ ಮೊದಲಾದವನ್ನು ಕೋಟೆಯೊಳಗಿನ ಕೋಡಿ ಸೋಮೇಶ್ವರ ದೇವಸ್ಥಾನಕ್ಕೆ ಒಯ್ದು ಪೂಜಿಸಿ ಮತ್ತೆ ಅರಮನೆಗೆ ತರುತ್ತಾರೆ. ಪಟ್ಟದ ಆನೆ, ಕುದುರೆ, ಹಸುಗಳಿಗೂ ಪೂಜೆ ಉಂಟು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಶುರು ಮಾಡಿದರು. ಅದಕ್ಕೂ ಹಿಂದೆ ವಿಜಯನಗರದ ಅರಸರು ಹಂಪಿಯಲ್ಲಿ ಮಹಾನವಮಿ ಆಚರಿಸುತ್ತಿದ್ದರು. ಅಲ್ಲಿನ ಮಹಾನವಮಿ ದಿಬ್ಬವನ್ನು ಶಾಲೆಯ ಪ್ರವಾಸದಲ್ಲಿ ನೀವು ನೋಡಿರಬಹುದು.

ಆದರೆ ನಮ್ಮ ಊರ ಕಡೆ ಆಯುಧ ಎಂದರೆ ದುಡಿಯುವ ಸಾಮಾನು. ನಮ್ಮ ಚಂದಕವಾಡಿ ಚಾಮರಾಜನಗರ ತಾಲ್ಲೂಕಿನ ಒಂದು ಹೋಬಳಿ. ಇಲ್ಲಿ ಮಹಾನವಮಿಯ ದಿನ ರೈತರ ಮನೆಯಲ್ಲಿ ನೇಗಿಲು, ಗುದ್ದಲಿ, ಕುಡುಗೋಲು, ಮಚ್ಚು ಪೂಜೆಗೆ ಬರುತ್ತವೆ. ದರ್ಜಿಯ ಮನೆಯಲ್ಲಿ ಹೊಲಿಗೆ ಯಂತ್ರ ಮತ್ತು ಕತ್ತರಿ. ಅಡುಗೆಮನೆಯಿಂದ ಈಳಿಗೆಮಣೆ. ಬಸ್ಸು, ಲಾರಿ, ಟ್ರ್ಯಾಕ್ಟರ್, ಆಟೊ, ಬೈಕುಗಳಿಗಂತೂ ಮದುಮಕ್ಕಳ ಸಿಂಗಾರ. ಬೀದಿಗೆ ಬಂದರೆ ಸೇವಂತಿಗೆ, ಚೆಂಡುಹೂವು, ಬಾಳೆಕಂದು, ಬೂದುಗುಂಬಳದ ರಾಶಿ. ಪೂಜೆಯಾದ ಮೇಲೆ ಪೊಟ್ಟಣದಲ್ಲಿ ಕಡ್ಲೆಪುರಿ. ನಮ್ಮ ಕಾಲದಲ್ಲಿ ಅಂಗಡಿ ಅಂಗಡಿ ಸುತ್ತಿ ಪುರಿ ಇಸ್ಕೊಂಡು ಚಡ್ಡಿ ಜೇಬು ತುಂಬಿಸಿಕೊಳ್ಳುತ್ತಿದ್ದೆವು. ಸಂಜೆಗೆ ಜೇಬು ತಿರುವಿ ಹಾಕಿದರೆ ಬೆಲ್ಲದ ಅಂಟು, ಇರುವೆ.

ಒಂದು ಸುತ್ತಿಗೆಯ ಕಥೆ

ನನ್ನ ಅಪ್ಪ ಮರಗೆಲಸದವರು. ನೇಗಿಲು, ನೊಗ, ಗಾಡಿಯ ಚಕ್ರ, ಬಾಗಿಲ ಚೌಕಟ್ಟು ಎಲ್ಲ ಮಾಡುತ್ತಿದ್ದರು. ಅವರ ಹತ್ತಿರ ಒಂಬತ್ತು ಉಳಿ, ಎರಡು ಗರಗಸ, ಒಂದು ಬಾಚಿ, ಒಂದು ತೋಪಡ, ಬೈರಿಗೆ, ಕೊಡತಿ, ಎರಡು ಸುತ್ತಿಗೆ ಇದ್ದವು. ಅಷ್ಟೇ ನಮ್ಮ ಆಸ್ತಿ. ಅಷ್ಟರಲ್ಲೇ ಆರು ಮಂದಿಯ ಊಟ.

ಅಪ್ಪನಿಗೆ ಪೂಜೆ ಎಂದರೆ ಮಂಗಳಾರತಿ ಅಲ್ಲ. ಹಿಂದಿನ ದಿನದ ಕೆಲಸವೇ ಅವರ ಪೂಜೆ. ಅಷ್ಟಮಿಯ ಮಧ್ಯಾಹ್ನ ಕೆಲಸ ನಿಲ್ಲಿಸಿ, ಹಳೆಯ ಗೋಣಿತಾಟು ಹಾಸಿ, ಎಲ್ಲ ಸಾಮಾನನ್ನೂ ಸಾಲಾಗಿ ಇಡುತ್ತಿದ್ದರು. ಒಂದೊಂದನ್ನೇ ಎತ್ತಿ ನೋಡುವುದು, ಒರೆಸುವುದು, ಸಾಣೆ ಹಿಡಿಯುವುದು, ಎಣ್ಣೆ ಹಚ್ಚುವುದು. ಕತ್ತಲಾಗುವವರೆಗೂ ಅದೇ.

ನನಗೆ ಹತ್ತು ವರ್ಷವಾದಾಗ ಒಂದು ಕೆಲಸ ಒಪ್ಪಿಸಿದರು. "ಮಗ, ಹಿಡಿ ಇರೋವನ್ನೆಲ್ಲ ನೀನ್ ನೋಡು. ಯಾವ್ದಾದ್ರೂ ಅಲ್ಲಾಡ್ತಾ ಅದ ಅಂದ್ರೆ ಪಕ್ಕಕ್ಕಿಡು."

ನಾನು ನೋಡಿದೆ. ದೊಡ್ಡ ಸುತ್ತಿಗೆಯ ತಲೆ ಸ್ವಲ್ಪ ಅಲ್ಲಾಡುತ್ತಿತ್ತು. ಪಕ್ಕಕ್ಕಿಟ್ಟರೆ ಅದಕ್ಕೆ ಬೆಣೆ ಕೆತ್ತಿ ಹೊಡೆಯುವವರೆಗೂ ಕೂತು ಹಿಡಿದುಕೊಳ್ಳಬೇಕು. ಹೊರಗೆ ಗೆಳೆಯರು ಚಿನ್ನಿದಾಂಡು ಆಡಲು ಕರೆಯುತ್ತಿದ್ದರು. ಸುತ್ತಿಗೆಯನ್ನು ಒಂದು ಬಟ್ಟಲು ನೀರಿನಲ್ಲಿ ಅದ್ದಿಟ್ಟೆ. ಸ್ವಲ್ಪ ಹೊತ್ತಿಗೆ ಮರ ಊದಿಕೊಂಡು ತಲೆ ಬಿಗಿಯಾಯಿತು. "ಎಲ್ಲ ಸರಿ ಅದ ಅಪ್ಪ" ಎಂದು ಹೇಳಿ ಓಡಿದೆ. ಮಾರನೆಯ ದಿನ ಆ ಹಿಡಿಯ ಮೇಲೆ ನಾನೇ ಎಲ್ಲಕ್ಕಿಂತ ದೊಡ್ಡ ಕುಂಕುಮದ ಬೊಟ್ಟು ಇಟ್ಟೆ.

ಹಬ್ಬ ಕಳೆದು ನಾಲ್ಕನೆಯ ದಿನ. ಅಪ್ಪ ಗಾಡಿಯ ಅಚ್ಚಿಗೆ ಗೂಟ ಹೊಡೆಯುತ್ತಿದ್ದರು. ಎದುರಿಗೆ ನನ್ನ ಚಿಕ್ಕಪ್ಪ ಅಚ್ಚನ್ನು ಹಿಡಿದು ಕೂತಿದ್ದರು. ಮೂರನೆಯ ಏಟಿಗೆ ಎತ್ತಿದ ಸುತ್ತಿಗೆಯ ತಲೆ ಕಳಚಿ ಹಾರಿತು. ಚಿಕ್ಕಪ್ಪನ ಹುಬ್ಬಿನ ಮೇಲೆ ತಾಗಿ ರಕ್ತ ಸುರಿಯಿತು. ಅರ್ಧ ಬೆರಳು ಕೆಳಗೆ ತಾಗಿದ್ದರೆ ಕಣ್ಣೇ ಹೋಗುತ್ತಿತ್ತು. ಐದು ಹೊಲಿಗೆ ಹಾಕಿದರು. ಆ ಗೆರೆ ಅವರ ಹುಬ್ಬಿನ ಮೇಲೆ ಕೊನೆಯವರೆಗೂ ಇತ್ತು.

ಅಪ್ಪ ನನ್ನನ್ನು ಹೊಡೆಯಲಿಲ್ಲ. ಸುತ್ತಿಗೆಯ ಹಿಡಿಯನ್ನು ನನ್ನ ಕೈಗೆ ಕೊಟ್ಟರು. ಅದರ ಮೇಲೆ ನನ್ನ ಕುಂಕುಮ ಇನ್ನೂ ಮಾಸಿರಲಿಲ್ಲ. "ಬೊಟ್ಟು ಚೆಂದಾಗಿ ಇಟ್ಟಿದ್ದೆ ಕಣ" ಎಂದರು. ಅಷ್ಟೇ. ಆ ಮಾತು ಹೊಡೆತಕ್ಕಿಂತ ಹೆಚ್ಚು ನೋಯಿಸಿತು.

ಆಮೇಲೆ ತಿಳಿಸಿ ಹೇಳಿದರು. ಬೇಸಗೆಯಲ್ಲಿ ಮರ ಒಣಗಿ ಕುಗ್ಗುತ್ತದೆ, ಆಗ ಸುತ್ತಿಗೆಯ ತೂತಿನಲ್ಲಿ ಹಿಡಿ ಸಡಿಲವಾಗುತ್ತದೆ. ನೀರಿಗೆ ಹಾಕಿದರೆ ಊದಿಕೊಂಡು ಬಿಗಿಯಾದ ಹಾಗೆ ಕಾಣುತ್ತದೆ. ಆದರೆ ಸುತ್ತಲೂ ಕಬ್ಬಿಣ, ಮರ ಊದಲು ಜಾಗವಿಲ್ಲ. ಒಳಗಿನ ನಾರು ಜಜ್ಜಿಹೋಗುತ್ತದೆ. ಎರಡು ದಿನಕ್ಕೆ ಒಣಗಿದಾಗ ಮೊದಲಿಗಿಂತಲೂ ಸಡಿಲ. ಸರಿಯಾದ ದಾರಿ ಒಂದೇ. ಹಿಡಿಯ ತುದಿಯಲ್ಲಿ ಒಣಗಿದ ಗಟ್ಟಿ ಮರದ ಬೆಣೆ ಹೊಡೆದು ಬಿಗಿ ಮಾಡಬೇಕು. ಹಿಡಿ ಸೀಳಿದ್ದರೆ ಹೊಸ ಹಿಡಿಯನ್ನೇ ಹಾಕಬೇಕು.

ಸಡಿಲವೋ ಅಲ್ಲವೋ ಎಂದು ತಿಳಿಯುವುದು ಸುಲಭ. ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವೂ ನೋಡಬಹುದು. ತಲೆ ಮೇಲೆ ಬರುವಂತೆ ಹಿಡಿಯನ್ನು ನೆಟ್ಟಗೆ ಹಿಡಿದು, ಹಿಡಿಯ ಬುಡವನ್ನು ಗಟ್ಟಿ ನೆಲಕ್ಕೆ ಮೆಲ್ಲಗೆ ಕುಟ್ಟಿ. ಗಟ್ಟಿಯಾಗಿದ್ದರೆ ಒಂದೇ ಸದ್ದು, ಟಕ್. ಸಡಿಲವಿದ್ದರೆ ಸದ್ದು ಒಡೆದು ಎರಡಾಗುತ್ತದೆ, ತಲೆ ಕೂದಲೆಳೆಯಷ್ಟು ಕೆಳಕ್ಕೆ ಜಾರುತ್ತದೆ. ಗುದ್ದಲಿ, ಕೊಡಲಿ, ಮಚ್ಚು ಯಾವುದರಲ್ಲಾದರೂ ಹಿಡಿ ಅಲ್ಲಾಡಿದರೆ ಅದನ್ನು ಪೂಜೆಯ ಸಾಲಿನಿಂದ ತೆಗೆದು ಮನೆಯವರಿಗೆ ತೋರಿಸಿ. ಅದಕ್ಕೆ ಬೇಕಾದದ್ದು ಮೊದಲು ಬೆಣೆ, ಆಮೇಲೆ ಬೊಟ್ಟು.

ಬೊಟ್ಟು ಎಲ್ಲಿ ಇಡಬೇಕು?

ಅಪ್ಪನ ಇನ್ನೊಂದು ಮಾತು ಈ ಬರಹದ ತಲೆಬರಹ. "ಕುಂಕುಮ ಹಿಡಿಗೆ, ಎಣ್ಣೆ ಬಾಯಿಗೆ." ಬಾಯಿ ಎಂದರೆ ಉಳಿಯ, ಕುಡುಗೋಲಿನ ಹರಿತವಾದ ಅಂಚು.

ಇದರಲ್ಲೂ ಕಾರಣವಿದೆ. ಕಬ್ಬಿಣಕ್ಕೆ ತುಕ್ಕು ಹಿಡಿಯಲು ಎರಡು ಸಾಕು, ನೀರು ಮತ್ತು ಗಾಳಿ. ಅರಿಸಿನ, ಕುಂಕುಮ, ಗಂಧ, ವಿಭೂತಿ ಯಾವುದನ್ನಾದರೂ ನೀರಿನಲ್ಲಿ ಕಲಸಿಯೇ ಹಚ್ಚುತ್ತೇವೆ. ಆ ಒದ್ದೆ ಪುಡಿ ಹರಿತವಾದ ಕಬ್ಬಿಣದ ಮೇಲೆ ರಾತ್ರಿಯಿಡೀ ಕೂತರೆ ಬೆಳಗ್ಗೆ ಬೊಟ್ಟಿನ ಆಕಾರದಲ್ಲೇ ತುಕ್ಕು ಮೂಡಿರುತ್ತದೆ. ನಮ್ಮ ಕಡೆ ಈ ಹಬ್ಬದ ಹೊತ್ತಿಗೆ ಹಿಂಗಾರು ಮಳೆ ಬೇರೆ. ಗಾಳಿಯಲ್ಲೇ ತೇವ ಇರುತ್ತದೆ.

ನಿಂಬೆಹಣ್ಣಂತೂ ಇನ್ನೂ ಜೋರು. ನಮ್ಮ ಬೀದಿಯ ಮರಗೆಲಸದ ಹುಡುಗನೊಬ್ಬ ಕುಯ್ದ ನಿಂಬೆಹಣ್ಣಿನ ಹೋಳನ್ನು ತೋಪಡದ ಬ್ಲೇಡಿನ ಮೇಲೆಯೇ ಕುಂಕುಮ ಹಚ್ಚಿ ಇಟ್ಟಿದ್ದ. ಎರಡು ದಿನ ಬಿಟ್ಟು ಎತ್ತಿದರೆ ಕಪ್ಪಗೆ ದುಂಡಗಿನ ಕಲೆ, ಅದರ ನಡುವೆ ಸಣ್ಣ ಗುಳಿಗಳು. ನಿಂಬೆಯ ಹುಳಿ ಕಬ್ಬಿಣವನ್ನು ತಿಂದಿತ್ತು. ಗುಳಿ ಬಿದ್ದ ಬಾಯಿ ಮರದ ಮೇಲೆ ಗೆರೆ ಮೂಡಿಸುತ್ತದೆ. ಆ ಗುಳಿ ಹೋಗುವವರೆಗೂ ಕಬ್ಬಿಣ ಸವೆಸಬೇಕು. "ದೃಷ್ಟಿ ತೆಗೀಲಿ ಅಂತ ಇಟ್ಟೆ ತಾತ, ಬ್ಲೇಡೇ ತೆಗ್ದುಬುಡ್ತು" ಎಂದು ತಲೆ ಕೆರೆದುಕೊಂಡ. ನಿಂಬೆಹಣ್ಣು ಇಡಬೇಕಾದರೆ ಎಲೆಯ ಮೇಲೆ ಇಡಿ, ಪಕ್ಕದಲ್ಲಿ ಇಡಿ.

ಅಪ್ಪ ಮಾಡುತ್ತಿದ್ದ ಕ್ರಮ ಹೀಗಿತ್ತು. ಮೊದಲು ಒಣಬಟ್ಟೆಯಲ್ಲಿ ಧೂಳು, ಅಂಟು ಒರೆಸುವುದು. ತುಕ್ಕು ಇದ್ದರೆ ಸೀಮೆಎಣ್ಣೆಯಲ್ಲಿ ಅದ್ದಿದ ಇಟ್ಟಿಗೆ ಪುಡಿಯಿಂದ ಉಜ್ಜುವುದು. ಈಗ ಉಪ್ಪು ಕಾಗದ ಇದೆ. ಆಮೇಲೆ ಸಾಣೆಕಲ್ಲು. ಕೊನೆಗೆ ಒಂದೆರಡು ಹನಿ ಎಣ್ಣೆ ಹಾಕಿದ ಬಟ್ಟೆಯಿಂದ ತೆಳ್ಳಗೆ ಒರೆಸುವುದು. ಕೊಬ್ಬರಿ ಎಣ್ಣೆ ಬೇಡ, ಅದು ದಿನ ಕಳೆದಂತೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಹೊಲಿಗೆ ಯಂತ್ರಕ್ಕೆ ಹಾಕುವ ತೆಳು ಎಣ್ಣೆ ಒಳ್ಳೆಯದು. ಇಷ್ಟೆಲ್ಲ ಮುಗಿದ ಮೇಲೆ ಮರದ ಹಿಡಿಗೆ ಅರಿಸಿನ, ಕುಂಕುಮ, ಹೂವು.

ಉಳಿ ಹರಿತವಾಗಿದೆಯೇ ಎಂದು ಅಪ್ಪ ಬೆರಳಿನಿಂದ ಮುಟ್ಟಿ ನೋಡುತ್ತಿರಲಿಲ್ಲ. ಬಾಗಿಲ ಬೆಳಕಿಗೆ ಹಿಡಿದು ಅಂಚನ್ನೇ ನೋಡುತ್ತಿದ್ದರು. ಮೊಂಡಾದ ಅಂಚಿನ ಮೇಲೆ ಬೆಳಕು ಬಿದ್ದು ಬಿಳಿ ದಾರದ ಹಾಗೆ ಹೊಳೆಯುತ್ತದೆ. ಹರಿತವಾದ ಅಂಚು ಕಾಣುವುದೇ ಇಲ್ಲ, ಬೆಳಕು ನಿಲ್ಲುವಷ್ಟೂ ಅಗಲ ಅದಕ್ಕಿರುವುದಿಲ್ಲ. "ಕಾಣ್ಬಾರ್ದು ಕಣ ಮಗ, ಕಂಡ್ರೆ ಮೊಂಡು" ಎನ್ನುತ್ತಿದ್ದರು. ಮಕ್ಕಳೇ, ಇದನ್ನು ದೊಡ್ಡವರ ಕೈಯಲ್ಲಿರುವ ಉಳಿಯಲ್ಲಿ ನೋಡಿ, ನೀವೇ ಹಿಡಿಯಬೇಡಿ.

ಯಂತ್ರ, ಗಾಡಿಗಳ ವಿಚಾರ ಎರಡೇ ಮಾತು. ಮೋಟಾರು, ಗಿರಣಿ ಒರೆಸುವ ಮೊದಲು ಮೇನ್ ಸ್ವಿಚ್ ಆರಿಸಬೇಕು, ತಿರುಗುವ ಭಾಗಕ್ಕೆ ಹಾರ ಹಾಕಬಾರದು. ಗಾಡಿಗೆ ಬಾಳೆಕಂದು ಕಟ್ಟುವಾಗ ದೀಪ, ಕನ್ನಡಿ ಮುಚ್ಚಬಾರದು. ಇನ್ನು ಬೂದುಗುಂಬಳ. ಒಳಗೆ ಕುಂಕುಮ ತುಂಬಿ ರಸ್ತೆಯ ನಡುವೆ ಒಡೆದು ಹೋದರೆ ಆ ಲೋಳೆಯ ಮೇಲೆ ಕತ್ತಲಲ್ಲಿ ಬೈಕು ಜಾರುತ್ತದೆ. ಒಡೆದ ಮೇಲೆ ಹೋಳುಗಳನ್ನು ಬದಿಗೆ ಎತ್ತಿಹಾಕಿ. ನಮ್ಮ ಗಾಡಿಯ ದೃಷ್ಟಿ ತೆಗೆಯಲು ಹೋಗಿ ಇನ್ನೊಬ್ಬರ ಕಾಲು ಮುರಿಯಬಾರದಲ್ಲ.

ಪುಸ್ತಕವೂ ಆಯುಧವೇ

ಪುಸ್ತಕಗಳಿಗೂ ಇದೇ ನ್ಯಾಯ. ಮೊಮ್ಮಗಳಿಗೆ ಹೇಳಿದೆ, "ಗಣಿತದ ಪುಸ್ತಕ ಇಡು. ಆದರೆ ಅಷ್ಟಮಿಯ ದಿನ ಅದಕ್ಕೆ ಮಾಡಬೇಕಾದ್ದು ಮಾಡಿ ಇಡು."

ಏನು ಮಾಡಬೇಕು? ಪುಸ್ತಕಗಳನ್ನೆಲ್ಲ ಕಪಾಟಿನಿಂದ ಇಳಿಸಿ, ಒಣಬಟ್ಟೆಯಿಂದ ಒರೆಸಿ. ಒಂದೊಂದರ ಹಾಳೆಗಳನ್ನೂ ಬೆರಳಿನಿಂದ ಬಿಡಿಸಿ ಗಾಳಿಯಾಡಿಸಿ. ಬಿಸಿಲಿಗೆ ಹರಡಬೇಡಿ, ಹಾಳೆ ಹಳದಿಯಾಗಿ ಪೆಡಸಾಗುತ್ತದೆ, ನೆರಳು ಸಾಕು. ಬೆನ್ನಿನ ಅಂಟಿನ ಹತ್ತಿರ ನೋಡಿ. ಅಲ್ಲಿ ಸಣ್ಣ ಪುಡಿ ಉದುರಿದ್ದರೆ, ಹಾಳೆಯಲ್ಲಿ ತೂತುಗಳಿದ್ದರೆ ಹುಳು ಸೇರಿದೆ ಎಂದರ್ಥ. ಮಣ್ಣಿನ ಗೆರೆ ಕಂಡರೆ ಗೆದ್ದಲು. ಅಂಥ ಪುಸ್ತಕವನ್ನು ಉಳಿದವುಗಳಿಂದ ದೂರ ಇಡಿ, ಕಪಾಟಿನ ಹಿಂದಿನ ಗೋಡೆಯನ್ನೂ ನೋಡಿ. ಕುಂಕುಮವನ್ನು ಹಾಳೆಗೂ ರಟ್ಟಿಗೂ ಹಚ್ಚಬೇಡಿ, ಆ ಕಲೆ ಹೋಗುವುದಿಲ್ಲ. ಮೇಲೆ ಒಂದು ಬಿಳಿ ಕಾಗದ ಅಥವಾ ಬಟ್ಟೆ ಹಾಸಿ ಅದರ ಮೇಲೆ ಅಕ್ಷತೆ, ಒದ್ದೆಯಿಲ್ಲದ ಹೂವು ಇಡಿ. ದೀಪ, ಕರ್ಪೂರ ಪುಸ್ತಕದಿಂದ ಒಂದು ಮೊಳ ಆಚೆ ಇರಲಿ.

ಹಿಂದೆ ಓಲೆಗರಿಯ ಗ್ರಂಥಗಳನ್ನೂ ಹೀಗೆ ಬಿಚ್ಚಿ, ಒರೆಸಿ, ಎಣ್ಣೆ ಸವರಿ ಮತ್ತೆ ಕಟ್ಟಿಡುತ್ತಿದ್ದರು. ಬಿಚ್ಚಿ ನೋಡುತ್ತಿದ್ದ ಮನೆಗಳಲ್ಲಿ ಗ್ರಂಥ ಉಳಿಯಿತು. ಬರೀ ಕಟ್ಟಿಗೆ ಹೂವಿಟ್ಟು ಕೈಮುಗಿದ ಮನೆಗಳಲ್ಲಿ ಒಳಗೆ ಗೆದ್ದಲು ಊಟ ಮುಗಿಸಿತ್ತು. ಮೈಸೂರಿನಲ್ಲಿ 1891ರಲ್ಲಿ ಶುರುವಾದ ಪ್ರಾಚ್ಯ ಗ್ರಂಥಾಲಯಕ್ಕೆ ಪಂಡಿತರೊಬ್ಬರು ತಂದುಕೊಟ್ಟ ಓಲೆಗರಿಯ ಕಟ್ಟೊಂದನ್ನು ಅಲ್ಲಿದ್ದ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಬಿಚ್ಚಿ ಓದಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ. ಕಳೆದುಹೋಯಿತೆಂದೇ ಎಲ್ಲರೂ ತಿಳಿದಿದ್ದ ಗ್ರಂಥ! 1909ರಲ್ಲಿ ಅದು ಅಚ್ಚಾಗಿ ಹೊರಬಂತು. ಯಾರೋ ಜೋಪಾನ ಮಾಡಿದ್ದರಿಂದ ಉಳಿಯಿತು, ಇನ್ಯಾರೋ ಬಿಚ್ಚಿ ಓದಿದ್ದರಿಂದ ನಮಗೆ ಸಿಕ್ಕಿತು. ಪೂಜೆಗೆ ಈ ಎರಡೂ ಬೇಕು.

ಮೊಮ್ಮಗಳು ಗಣಿತದ ಪುಸ್ತಕವನ್ನು ಒರೆಸಲು ಕೂತಳು. ಹಾಳೆ ಬಿಡಿಸುತ್ತ ಬಿಡಿಸುತ್ತ ಭಿನ್ನರಾಶಿಯ ಪಾಠದಲ್ಲಿ ಎರಡು ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಯಾವಾಗಲೋ ಸಾರು ಚೆಲ್ಲಿತ್ತಂತೆ. ಅವಳು ಆ ಪುಟವನ್ನು ತೆರೆದೇ ಇರಲಿಲ್ಲ. ತರಗತಿಯಲ್ಲಿ ಪಾಠ ನಡೆದ ದಿನ ಪುಸ್ತಕ ತೋರಿಸಲು ನಾಚಿಕೆಯಾಗಿ ಮುಚ್ಚಿಟ್ಟುಕೊಂಡಿದ್ದಳು. ಅಲ್ಲಿಂದಾಚೆ ಯಾವ ಲೆಕ್ಕವೂ ತಲೆಗೆ ಹತ್ತಲಿಲ್ಲ, ಗಣಿತವೇ ಕಷ್ಟ ಎಂದುಕೊಂಡಳು.

"ತಾತ, ನನ್ ಸುತ್ಗೆನೂ ಅಲ್ಲಾಡ್ತಾ ಇತ್ತು" ಎಂದಳು ಮೆಲ್ಲಗೆ.

ಅವಳ ಅಜ್ಜಿ ತೆಳುವಾದ ಚಾಕುವಿನ ಬೆನ್ನಿನಿಂದ ಹಾಳೆಗಳನ್ನು ಬಿಡಿಸಿಕೊಟ್ಟಳು. ನಾಲ್ಕು ಸಾಲು ಹರಿದುಹೋದವು. ಗೆಳತಿಯ ಪುಸ್ತಕ ತಂದು ಆ ನಾಲ್ಕು ಸಾಲನ್ನು ಬರೆದು ಅಂಟಿಸಿದಳು. ಅದು ಅವಳ ಬೆಣೆ.

ಕೈಮುಗಿಯುವಾಗ ಏನು ಹೇಳಬೇಕು?

ಸಂಸ್ಕೃತದ ಶ್ಲೋಕ ಬಂದವರು ಅದನ್ನೇ ಹೇಳಿ. ಓದು ಆರಂಭಿಸುವಾಗ ಮಕ್ಕಳು ಹೇಳುವ ಸರಸ್ವತಿಯ ಶ್ಲೋಕದ ಅರ್ಥ ಬಹಳ ಸರಳ, ಕಲಿಕೆ ಆರಂಭಿಸುತ್ತಿದ್ದೇನೆ, ಅದು ಕೈಗೂಡಲಿ ಎಂದು. ಬಾರದವರು ನಮ್ಮ ಮಾತಿನಲ್ಲೇ ಹೇಳಬಹುದು. ನಮ್ಮ ಮನೆಯಲ್ಲಿ ಈ ವರ್ಷ ಎಲ್ಲರೂ ಸೇರಿ ಬರೆದುಕೊಂಡ ಪ್ರಾರ್ಥನೆಗಳು ಇಲ್ಲಿವೆ.

ವಿದ್ಯಾರ್ಥಿಗಳಿಗೆ:

ತಾಯಿ ಶಾರದೆ,
ಓದಿದ್ದು ನನಗೆ ತಿಳಿಯಲಿ.
ತಿಳಿಯದ್ದನ್ನು ಕೇಳಲು ನಾಚಿಕೆ ಬಾರದಿರಲಿ.
ತಪ್ಪಾದರೆ ಅಳಿಸಿ ಬರೆಯುವ ತಾಳ್ಮೆ ಕೊಡು.
ಪುಸ್ತಕ ಇಲ್ಲದವರಿಗೆ ನನ್ನದನ್ನು ತೆರೆದಿಡುವ ಮನಸ್ಸು ಕೊಡು.

ಕೈಕೆಲಸದವರಿಗೆ:

ಹಿಡಿದ ಉಳಿ ಜಾರದಿರಲಿ, ಎತ್ತಿದ ಸುತ್ತಿಗೆ ಕಳಚದಿರಲಿ.
ಬಡವರ ಬಾಗಿಲಿಗೂ ಸಾಹುಕಾರರ ಬಾಗಿಲಿಗೂ ನನ್ನ ಅಳತೆ ಒಂದೇ ಇರಲಿ.
ಬೆಳಗ್ಗೆ ಬಂದ ಹತ್ತು ಬೆರಳೂ ಸಂಜೆ ಹತ್ತಾಗಿಯೇ ಮನೆ ಸೇರಲಿ.

ಹೊಲದವರಿಗೆ:

ಭೂಮಿತಾಯಿ, ಗುದ್ದಲಿ ನಿನಗೆ ನೋವು ಮಾಡುತ್ತದೆ, ಮನ್ನಿಸು.
ಅಗೆದಲ್ಲಿ ಅನ್ನ ಹುಟ್ಟಲಿ, ಕುಯ್ದಲ್ಲಿ ಮತ್ತೆ ಚಿಗುರಲಿ.

ಗಾಡಿ ಓಡಿಸುವವರಿಗೆ:

ನನ್ನನ್ನು ನಂಬಿ ಹತ್ತಿದವರು ನಗುತ್ತ ಇಳಿಯಲಿ.
ರಸ್ತೆ ದಾಟುವ ಅಜ್ಜಿಯೂ ಕರುವೂ ನನ್ನ ಕಣ್ಣಿಗೆ ಬೀಳಲಿ.

ಕೈಕೆಲಸದ ಪ್ರಾರ್ಥನೆಯ ಮೊದಲ ಸಾಲಿನ ಎರಡನೆಯ ಅರ್ಧ ಯಾಕೆ ಬಂತೆಂದು ನಿಮಗೀಗ ಗೊತ್ತು. ಹತ್ತು ಬೆರಳಿನ ಸಾಲು ಹೇಳಿಕೊಟ್ಟವನು ನಿಂಬೆಹಣ್ಣಿನ ಆ ಹುಡುಗ. ಅವನು ಈಗ ವಿದ್ಯುತ್ ಗರಗಸದಲ್ಲಿ ಕೆಲಸ ಮಾಡುತ್ತಾನೆ.

ವಿಜಯದಶಮಿಯ ಬೆಳಗ್ಗೆ ಎಲ್ಲವನ್ನೂ ಎತ್ತುವಾಗ ಒಂದು ಪದ್ಧತಿ ಉಂಟು. ಎತ್ತಿದ ಆಯುಧವನ್ನು ಸುಮ್ಮನೆ ಚೀಲಕ್ಕೆ ಹಾಕಬಾರದು, ಸ್ವಲ್ಪವಾದರೂ ಕೆಲಸ ಮಾಡಿಸಬೇಕು. ಅಪ್ಪ ಒಂದು ತುಂಡು ಮರದ ಮೇಲೆ ತೋಪಡ ಎಳೆದು ಒಂದೇ ಒಂದು ಉದ್ದ ಸಿಪ್ಪೆ ತೆಗೆಯುತ್ತಿದ್ದರು. ಅದು ಹರಿಯದೆ ಸುರುಳಿ ಸುತ್ತಿ ಬಂದರೆ ವರ್ಷ ಚೆನ್ನಾಗಿದೆ ಎಂದು ನಮ್ಮ ಕೈಗೆ ಕೊಡುತ್ತಿದ್ದರು. ಅದು ಸುರುಳಿಯಾಗಿ ಬಂದದ್ದು ಹಿಂದಿನ ದಿನಗಳ ಸಾಣೆಯಿಂದ ಎಂದು ದೊಡ್ಡವನಾದ ಮೇಲೆ ತಿಳಿಯಿತು. ಮಕ್ಕಳು ಆವತ್ತು ಪುಸ್ತಕ ತೆಗೆದು ಒಂದು ಪುಟ ಓದಬೇಕು, ನಾಲ್ಕು ಸಾಲು ಬರೆಯಬೇಕು.

ಯಾವ ಪುಟ ಓದುತ್ತೀಯ ಎಂದು ಮೊಮ್ಮಗಳನ್ನು ಕೇಳಿದೆ. ಅಂಟಿಸಿದ ಆ ಪುಟವನ್ನೇ ತೆರೆದಳು. ಮೊದಲ ಲೆಕ್ಕ ತಪ್ಪಾಯಿತು. ಅಳಿಸಿ ಮತ್ತೆ ಮಾಡಿದಳು. ಎರಡನೆಯ ಸಲ ಸರಿ ಬಂತು.

ನಮ್ಮ ಪೂಜೆಯ ಸಾಲಿನ ಕೊನೆಯಲ್ಲಿ ಇವತ್ತಿಗೂ ತಲೆಯಿಲ್ಲದ ಒಂದು ಸುತ್ತಿಗೆ ಹಿಡಿ ಇರುತ್ತದೆ. ಅದಕ್ಕೆ ನಾನು ಬೊಟ್ಟು ಇಡುವುದಿಲ್ಲ. ಒರೆಸಿ ಇಡುತ್ತೇನೆ, ಅಷ್ಟೇ.

ಮುಂದಿನ ವಾರ ಸಿಗೋಣ.

ಚಂದಕವಾಡಿಯಿಂದ,
ನಿಮ್ಮ ತಾತ